ವಿಮ್‌ನಲ್ಲಿ ಕಾಲಮ್ ಹಿಡಿದು ತಿದ್ದುವುದು: ಒಂದೇ ಕರ್ಸರ್, ಪೂರ್ತಿ ಪಟ್ಟಿ

ಹಳ್ಳಿಯ ಹಾಲಿನ ಡೇರಿಯಿಂದ ಬಂದ ಒಂದು ಫೈಲ್ ಇದೆ ಅಂದುಕೊಳ್ಳಿ. ಸದಸ್ಯರ ನಂಬರು, ಬೆಳಗಿನ ಹಾಲೋ ಸಂಜೆ ಹಾಲೋ ಅನ್ನೋದು, ಲೀಟರ್, ಫ್ಯಾಟ್, ಕೊನೆಯಲ್ಲಿ ಪರೀಕ್ಷೆ ಆಯಿತು ಅನ್ನೋದಕ್ಕೆ ಒಂದು `OK`. ಕಾಮಾ ಇಲ್ಲ, ಟ್ಯಾಬ್ ಇಲ್ಲ. ಬರೀ ಸ್ಪೇಸ್ ಹಾಕಿ ಸಾಲು ಹೊಂದಿಸಿದ್ದಾರೆ.

```
0007  M   4.5  4.1  OK
0012  M  10.0  3.8  OK
0015  M   6.5  4.0
0021  M   3.0  4.3  OK
0030  M   8.5  3.9  OK
```

ನಿಜವಾದ ಫೈಲ್‌ನಲ್ಲಿ ನೂರಾರು ಸಾಲು ಇರುತ್ತವೆ. ಇಲ್ಲಿ ಐದು ಸಾಕು. ಮೂರನೇ ಸಾಲಿನಲ್ಲಿ `OK` ಇಲ್ಲ ಅನ್ನೋದನ್ನ ಗಮನದಲ್ಲಿಡಿ, ಮುಂದೆ ತೊಂದರೆ ಕೊಡೋದು ಅದೇ.

ಆಗಬೇಕಾದ ಕೆಲಸ ಇಷ್ಟು. ಇದು ಸಂಜೆಯ ಪಟ್ಟಿ, ಹಾಗಾಗಿ `M` ಎಲ್ಲ `E` ಆಗಬೇಕು. ಫ್ಯಾಟ್ ಕಾಲಮ್ ಲೀಟರ್‌ಗಿಂತ ಮುಂದೆ ಬರಬೇಕು. ಲೀಟರ್ ಒಂದಂಕಿ ಇದ್ದರೆ ಮುಂದೆ ಸೊನ್ನೆ ಬೇಕು. ಕೊನೆಗೆ ರೂಟ್ ನಂಬರು, ಶುರುವಿಗೆ ಊರಿನ ಕೋಡ್, ಅದಕ್ಕೂ ಮುಂದೆ ಕ್ರಮಸಂಖ್ಯೆ.

ಇದನ್ನ ಹಲವು ಕರ್ಸರ್ ಇಟ್ಟು ಮಾಡಬಹುದು. ಆದರೆ ಹಾಗೆ ಇಟ್ಟ ಪ್ರತಿ ಕರ್ಸರ್ ತನ್ನ ಸಾಲಿನ ಪದ ನೋಡಿಕೊಂಡು ಓಡುತ್ತದೆ. ಒಂದು ಸಾಲಿನಲ್ಲಿ ಒಂದು ಪದ ಕಮ್ಮಿ ಇದ್ದರೆ ಆ ಕರ್ಸರ್ ಬೇರೆ ಜಾಗದಲ್ಲಿ ನಿಂತಿರುತ್ತದೆ, ಪರದೆಯ ಆಚೆ ಇದ್ದರೆ ನಮಗೆ ಕಾಣುವುದೂ ಇಲ್ಲ. ವಿಮ್‌ನ ಬಾಕ್ಸ್, ಅಂದರೆ ಪರದೆಯ ಮೇಲೆ ಹಿಡಿದ ಆಯತಾಕಾರದ ಜಾಗ, ಹಾಗಲ್ಲ. ಈ ಸಾಲಿನಿಂದ ಆ ಸಾಲಿನವರೆಗೆ, ಈ ಕಾಲಮ್‌ನಿಂದ ಆ ಕಾಲಮ್‌ವರೆಗೆ, ಅಷ್ಟೇ ಅದರ ಲೆಕ್ಕ. ಒಳಗೆ ಏನು ಬರೆದಿದೆ ಅನ್ನೋದು ಅದಕ್ಕೆ ಬೇಕಿಲ್ಲ. ಸಾಲು ಹೊಂದಿಸಿದ ಪಟ್ಟಿಗೆ ಇದೇ ಸರಿಯಾದ ಉಪಕರಣ ಅನ್ನೋದು ನನ್ನ ಅನುಭವ.

## ಶುರು ಮಾಡುವ ಮುಂಚೆ

ಬಾಕ್ಸ್ ನಂಬಿರೋದು ಹೊಂದಾಣಿಕೆಯನ್ನ. ಹೊಂದಾಣಿಕೆ ನಿಜವಾಗಿ ಇದೆಯಾ ಅಂತ ಮೊದಲು ನೋಡಬೇಕು. ಕಣ್ಣಿನಲ್ಲಿ ನೋಡಿದರೆ ಸಾಲದು, ವಿಮ್‌ಗೇ ಕೇಳಿ:

```
/\%7v[^M]
```

`\%7v` ಅಂದರೆ ಪರದೆಯ ಏಳನೇ ಕಾಲಮ್. ಅಲ್ಲಿ `M` ಬಿಟ್ಟು ಬೇರೆ ಏನಾದರೂ ಇರುವ ಸಾಲನ್ನ ಹುಡುಕು ಅಂತ ಇದರ ಅರ್ಥ. `E486: Pattern not found` ಅಂತ ಬಂದರೆ ಒಳ್ಳೆಯ ಸುದ್ದಿ. ಯಾವುದಾದರೂ ಸಾಲಿಗೆ ಹೋಗಿ ನಿಂತರೆ ಆ ಸಾಲು ಜಾರಿದೆ. ಅದನ್ನ ಕೈಯಲ್ಲಿ ಸರಿ ಮಾಡಿ, ಆಮೇಲೆ ಮುಂದಕ್ಕೆ ಹೋಗಿ.

ಇನ್ನೊಂದು, ಟ್ಯಾಬ್. `:set list` ಹೊಡೆದರೆ ಟ್ಯಾಬ್ ಇರುವ ಕಡೆ `^I` ಅಂತ ಕಾಣುತ್ತದೆ. ಟ್ಯಾಬ್ ಒಂದೇ ಅಕ್ಷರ, ಆದರೆ ಪರದೆಯಲ್ಲಿ ಎಂಟು ಕಾಲಮ್‌ವರೆಗೂ ಜಾಗ ಹಿಡಿಯುತ್ತದೆ. ಬಾಕ್ಸಿನ ಅಂಚು ಅದರ ಮಧ್ಯೆ ಬಿದ್ದರೆ ವಿಮ್ ಆ ಟ್ಯಾಬನ್ನ ಒಡೆದು ಸ್ಪೇಸ್ ಮಾಡುತ್ತದೆ, ಮಿಕ್ಕ ಸಾಲುಗಳಲ್ಲಿ ಟ್ಯಾಬ್ ಹಾಗೇ ಉಳಿಯುತ್ತದೆ. ಪಟ್ಟಿ ಇವತ್ತು ಸರಿಯಾಗಿ ಕಾಣುತ್ತದೆ. ಟ್ಯಾಬಿನ ಅಗಲ ಬೇರೆ ಇರುವ ಇನ್ನೊಂದು ಎಡಿಟರಿನಲ್ಲಿ ತೆರೆದಾಗ ಕೆಟ್ಟಿರುವುದು ಗೊತ್ತಾಗುತ್ತದೆ. ಅದಕ್ಕೆ ಮೊದಲೇ ಹೀಗೆ ಮಾಡಿ:

```
:set expandtab
:retab
```

ಫೈಲ್ ಓದುವ ಪ್ರೋಗ್ರಾಮಿಗೆ ಟ್ಯಾಬೇ ಬೇಕಿದ್ದರೆ ಮಾತ್ರ ಇದನ್ನ ಮಾಡಬೇಡಿ. ಅಂಥ ಫೈಲಿಗೆ ಬಾಕ್ಸ್ ತಕ್ಕದ್ದೂ ಅಲ್ಲ.

## ಬಾಕ್ಸ್ ಹಿಡಿಯುವುದು

ಸಾಮಾನ್ಯ ಮೋಡ್‌ನಲ್ಲಿ `Ctrl-V` ಒತ್ತಿದರೆ ಕೆಳಗೆ `-- VISUAL BLOCK --` ಅಂತ ಬರುತ್ತದೆ. ಒತ್ತಿದ ಜಾಗ ಬಾಕ್ಸಿನ ಒಂದು ಮೂಲೆ. ಕರ್ಸರ್ ಎಲ್ಲಿಗೆ ಹೋಗುತ್ತದೋ ಅದು ಎದುರು ಮೂಲೆ. `o` ಒತ್ತಿದರೆ ಕರ್ಸರ್ ಎದುರು ಮೂಲೆಗೆ ಹಾರುತ್ತದೆ, ದೊಡ್ಡಕ್ಷರದ `O` ಒತ್ತಿದರೆ ಅದೇ ಸಾಲಿನ ಇನ್ನೊಂದು ಮೂಲೆಗೆ. ಬಾಕ್ಸ್ ಒಂದು ಕಾಲಮ್ ಹೆಚ್ಚು ಕಮ್ಮಿ ಆದರೆ ಮೊದಲಿಂದ ಹಿಡಿಯುವುದು ಬೇಡ, ಮೂಲೆ ಬದಲಿಸಿ ಎಳೆದರೆ ಆಯಿತು.

ವಿಂಡೋಸ್‌ನಲ್ಲಿ `Ctrl-V` ಒತ್ತಿದರೆ ಎಷ್ಟೋ ಸಲ ಪೇಸ್ಟ್ ಆಗಿಬಿಡುತ್ತದೆ. ಆಗ `Ctrl-Q` ಒತ್ತಿ, ಕೆಲಸ ಅದೇ.

ಈಗ ಮೊದಲ ಕೆಲಸ. `gg` ಒತ್ತಿ ಮೊದಲ ಸಾಲಿಗೆ ಹೋಗಿ. `7|` ಒತ್ತಿದರೆ ಕರ್ಸರ್ ನೇರವಾಗಿ ಏಳನೇ ಕಾಲಮ್‌ಗೆ ಹೋಗುತ್ತದೆ. ಬಾಣದ ಗುರುತಿನ ಕೀ ಒತ್ತಿಕೊಂಡು ಕೂರುವುದಕ್ಕಿಂತ ಈ `|` ಅಭ್ಯಾಸ ಮಾಡಿಕೊಳ್ಳಿ, ಪಟ್ಟಿಯ ಕೆಲಸದಲ್ಲಿ ಅರ್ಧ ತಪ್ಪು ಇದರಿಂದಲೇ ತಪ್ಪುತ್ತದೆ. ಆಮೇಲೆ `Ctrl-V`, `4j`, `rE`. ಐದು ಸಾಲಿನಲ್ಲೂ `M` ಹೋಗಿ `E` ಬಂತು.

`r` ಬಾಕ್ಸಿನಲ್ಲಿರುವ ಪ್ರತಿ ಅಕ್ಷರವನ್ನೂ ಅದೇ ಒಂದು ಅಕ್ಷರಕ್ಕೆ ಬದಲಿಸುತ್ತದೆ. ಅಗಲ ಬದಲಾಗುವುದೇ ಇಲ್ಲ, ಹಾಗಾಗಿ ಹೊಂದಾಣಿಕೆ ಕೆಡುವ ಭಯವಿಲ್ಲ.

ಸಾಲು ನೂರಾರು ಇದ್ದಾಗ `4j` ಬದಲು `G` ಒತ್ತಿ ಕೊನೆಗೆ ಹೋಗೋಣ ಅನಿಸುತ್ತದೆ. ಅಲ್ಲೊಂದು ಗುಂಡಿ ಇದೆ. ವಿಮ್‌ನಲ್ಲಿ `G` ಕೊನೆಯ ಸಾಲಿಗೆ ಹೋಗುವುದಲ್ಲದೆ ಆ ಸಾಲಿನ ಶುರುವಿಗೆ ಹೋಗುತ್ತದೆ. ಆಗ ನಿಮ್ಮ ಬಾಕ್ಸ್ ಏಳನೇ ಕಾಲಮ್ ಒಂದೇ ಅಲ್ಲ, ಒಂದರಿಂದ ಏಳರವರೆಗೆ ಹಿಗ್ಗಿರುತ್ತದೆ. ಅಲ್ಲಿ `rE` ಒತ್ತಿದರೆ ಸದಸ್ಯರ ನಂಬರೆಲ್ಲ `EEEEEEE`. `G` ಆದಮೇಲೆ ಮತ್ತೊಮ್ಮೆ `7|` ಒತ್ತಿದರೆ ಬಾಕ್ಸ್ ಮತ್ತೆ ಒಂದು ಕಾಲಮ್‌ಗೆ ಬರುತ್ತದೆ. ಇಲ್ಲವೇ `:set nostartofline` ಅಂತ ಇಟ್ಟುಕೊಳ್ಳಿ. ನಿಯೋವಿಮ್‌ನಲ್ಲಿ ಮೊದಲಿಂದಲೇ ಹಾಗಿದೆ.

ಏನೇ ತಪ್ಪಾದರೂ `u` ಒಂದೇ ಸಲ ಒತ್ತಿದರೆ ಬಾಕ್ಸಿನ ಬದಲಾವಣೆ ಪೂರ್ತಿ ವಾಪಸ್ ಬರುತ್ತದೆ, ಸಾಲು ಎಷ್ಟೇ ಇರಲಿ.

## ಕಾಲಮ್ ಜಾಗ ಬದಲಿಸುವುದು

ಫ್ಯಾಟ್ ಇರುವುದು 16ರಿಂದ 18ನೇ ಕಾಲಮ್. ಅದರ ಹಿಂದಿನ ಎರಡು ಸ್ಪೇಸ್ 14 ಮತ್ತು 15. ಎತ್ತುವಾಗ ಆ ಎರಡು ಸ್ಪೇಸನ್ನೂ ಸೇರಿಸಿಯೇ ಎತ್ತಬೇಕು. ಅಂಕಿ ಮಾತ್ರ ಎತ್ತಿದರೆ ಹೋದ ಜಾಗದಲ್ಲಿ ನಾಲ್ಕು ಸ್ಪೇಸ್ ಉಳಿದು, ಬಂದ ಜಾಗದಲ್ಲಿ ಒಂದೂ ಇಲ್ಲದೆ `E4.1` ಅಂತ ಅಂಟಿಕೊಳ್ಳುತ್ತದೆ.

`gg14|`, `Ctrl-V`, `4j`, `18|`, ಆಮೇಲೆ `d`. ಕಾಲಮ್ ಹೋಯಿತು, ಬಲಗಡೆಯದು ಎಡಕ್ಕೆ ಸರಿಯಿತು. ಈಗ `gg7|` ಒತ್ತಿ `E` ಮೇಲೆ ನಿಂತು `p`:

```
0007  E  4.1   4.5  OK
0012  E  3.8  10.0  OK
0015  E  4.0   6.5
0021  E  4.3   3.0  OK
0030  E  3.9   8.5  OK
```

ಇಲ್ಲಿ `p` ಸಾಮಾನ್ಯ ಪೇಸ್ಟ್ ಅಲ್ಲ. ಎತ್ತಿದ್ದು ಬಾಕ್ಸ್ ಅನ್ನೋದು ವಿಮ್‌ಗೆ ನೆನಪಿದೆ. ಅದಕ್ಕೇ ಒಂದೊಂದು ತುಂಡನ್ನ ಒಂದೊಂದು ಸಾಲಿಗೆ ಹಾಕುತ್ತದೆ. ನೀವು ನಿಲ್ಲಬೇಕಾದ್ದು ಮೊದಲ ಸಾಲಿನಲ್ಲಿ ಮಾತ್ರ. ಒಂದು ಸಾಲು ಕೆಳಗೆ ನಿಂತು `p` ಒತ್ತಿದರೆ ಪೂರ್ತಿ ಕಾಲಮ್ ಒಂದು ಸಾಲು ಕೆಳಗೆ ಜಾರುತ್ತದೆ, ಒಬ್ಬರ ಫ್ಯಾಟ್ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಮೊದಲ ಸಾಲು, ಕೊನೆಯ ಸಾಲು ಬಿಟ್ಟರೆ ನೋಡೋಕೆ ಪಟ್ಟಿ ನೀಟಾಗೇ ಇರುತ್ತದೆ. ಇದು ಸುಲಭಕ್ಕೆ ಕಣ್ಣಿಗೆ ಬೀಳದ ತಪ್ಪು, ಹಾಗಾಗಿ ಪೇಸ್ಟ್ ಆದಮೇಲೆ ಮೊದಲ ಸಾಲು ಮತ್ತು ಕೊನೆಯ ಸಾಲನ್ನ ಮೂಲ ಫೈಲಿನ ಜೊತೆ ತಾಳೆ ನೋಡಿ.

## ಬಾಕ್ಸಿನ ಒಳಗೆ ಮಾತ್ರ ಹುಡುಕಿ ಬದಲಿಸುವುದು

ಲೀಟರ್ ಈಗ 15ರಿಂದ 18ನೇ ಕಾಲಮ್. ` 4.5` ಅನ್ನೋದು `04.5` ಆಗಬೇಕು. `10.0` ಹಾಗೇ ಇರಬೇಕು. `r` ಇಲ್ಲಿ ಆಗುವುದಿಲ್ಲ, ಎಲ್ಲ ಸಾಲಿಗೂ ಸೊನ್ನೆ ಹಾಕಿ `10.0` ಅನ್ನೂ `00.0` ಮಾಡುತ್ತದೆ.

`gg15|`, `Ctrl-V`, `4j`, `18|` ಒತ್ತಿ ಬಾಕ್ಸ್ ಹಿಡಿಯಿರಿ. ಈಗ `:` ಒತ್ತಿದರೆ ಕೆಳಗೆ `:'<,'>` ತಾನೇ ಬರುತ್ತದೆ. ಅದನ್ನ ನೋಡಿ ಬದಲಾವಣೆ ಬಾಕ್ಸಿನ ಒಳಗೆ ಮಾತ್ರ ಆಗುತ್ತದೆ ಅಂತ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. `'<,'>` ಹೇಳುವುದು ಸಾಲುಗಳನ್ನ ಮಾತ್ರ, ಕಾಲಮ್ ಅದಕ್ಕೆ ಗೊತ್ತಿಲ್ಲ. ಅಲ್ಲಿ ಸುಮ್ನೆ `s/ /0/` ಅಂತ ಹೊಡೆದರೆ ಪ್ರತಿ ಸಾಲಿನ ಮೊದಲ ಸ್ಪೇಸ್ ಸೊನ್ನೆಯಾಗುತ್ತದೆ. ಅದು ಇರುವುದು ಸದಸ್ಯರ ನಂಬರಿನ ಪಕ್ಕದಲ್ಲಿ:

```
00070 E  4.1   4.5  OK
```

ಏಳನೇ ನಂಬರಿನ ಸದಸ್ಯರು ಎಪ್ಪತ್ತನೇ ನಂಬರಾದರು. ಎರರ್ ಏನೂ ಬರುವುದಿಲ್ಲ. ಬಾಕ್ಸಿನ ಒಳಗೆ ಮಾತ್ರ ನೋಡು ಅಂತ ಹೇಳುವುದಕ್ಕೆ `\%V` ಬೇಕು:

```
:'<,'>s/\%V /0/
```

`V` ದೊಡ್ಡಕ್ಷರ, ಅದರ ಮುಂದಿನ ಸ್ಪೇಸ್ ನಾವು ಹುಡುಕುತ್ತಿರುವ ಸ್ಪೇಸ್. ಈಗ 15ನೇ ಕಾಲಮ್‌ನಲ್ಲಿ ಸ್ಪೇಸ್ ಇದ್ದ ನಾಲ್ಕು ಸಾಲು ಬದಲಾದವು, `10.0` ಇರುವ ಸಾಲು ಹಾಗೇ ಉಳಿಯಿತು. ಬಾಕ್ಸ್ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಈ `\%V` ಇರಲಿ ಅಂತೀನಿ.

## ಕೊನೆಯಲ್ಲಿ ಸೇರಿಸುವುದು, ಗಿಡ್ಡ ಸಾಲಿನ ಸಮಸ್ಯೆ

ರೂಟ್ ನಂಬರು `R2` ಎಲ್ಲ ಸಾಲಿನ ಕೊನೆಗೂ ಬೇಕು. ಮೂರನೇ ಸಾಲು ಗಿಡ್ಡ. ಇಲ್ಲಿ ದಾರಿ ಎರಡಿವೆ, ಫಲ ಬೇರೆ ಬೇರೆ.

ಬಾಕ್ಸ್ ಹಿಡಿದು `$` ಒತ್ತಿ ಆಮೇಲೆ `A` ಒತ್ತಿದರೆ, ಪ್ರತಿ ಸಾಲು ತಾನು ಮುಗಿಯುವ ಕಡೆ ಹೊಸದನ್ನ ಸೇರಿಸಿಕೊಳ್ಳುತ್ತದೆ. ಮೂರನೇ ಸಾಲಿನಲ್ಲಿ `R2` ಬಂದು `OK` ಇರಬೇಕಾದ ಕಾಲಮ್‌ನಲ್ಲಿ ಕೂರುತ್ತದೆ. ಸಾಲಿನ ಕೊನೆಗೆ ಕಾಮಾ ಹಾಕುವಂಥ ಕೆಲಸಕ್ಕೆ ಇದು ಸರಿ, ಪಟ್ಟಿಗೆ ಸರಿಯಲ್ಲ.

ಪಟ್ಟಿಗೆ ಬೇಕಾದ್ದು ಇದು: `gg22|`, `Ctrl-V`, `4j`, `A`, ಎರಡು ಸ್ಪೇಸ್, `R2`, `Esc`. ಗಿಡ್ಡ ಸಾಲಿಗೆ ವಿಮ್ ತಾನೇ ಸ್ಪೇಸ್ ತುಂಬಿ ಕಾಲಮ್ ಹೊಂದಿಸುತ್ತದೆ:

```
0012  E  3.8  10.0  OK  R2
0015  E  4.0  06.5      R2
0021  E  4.3  03.0  OK  R2
```

ಸಾಲಿನ ಕೊನೆಗೆ ಹೋಗೋಕೆ `22|` ಅಂತ ಯಾಕೆ, `$` ಸಾಲದೇ ಅಂತ ಕೇಳಬಹುದು. `Ctrl-V`ಗೆ ಮುಂಚೆ `$` ಒತ್ತಿದ್ದರೂ ವಿಮ್ ಅದನ್ನ ನೆನಪಿಟ್ಟುಕೊಂಡಿರುತ್ತದೆ. ಕೆಳಗೆ ಇಳಿಯುವಾಗ ಪ್ರತಿ ಸಾಲಿನ ಕೊನೆಗೇ ಅಂಟಿಕೊಂಡು ಇಳಿಯುತ್ತದೆ. ಆಗ ನಿಮಗೆ ಸಿಗುವುದು ಮೊದಲ ದಾರಿಯ ಫಲ. ಕಾಲಮ್ ನಂಬರು ಕೊಟ್ಟರೆ ಆ ಗೊಂದಲ ಇರುವುದಿಲ್ಲ.

ಕೊನೆಯ ಸಾಲೇ ಗಿಡ್ಡ ಇದ್ದರೆ? ಕರ್ಸರ್ ಅಲ್ಲಿ 22ನೇ ಕಾಲಮ್‌ವರೆಗೆ ಹೋಗುವುದೇ ಇಲ್ಲ, ಬಾಕ್ಸ್ ಹಿಂದಕ್ಕೆ ತಿರುಗಿಕೊಳ್ಳುತ್ತದೆ. ಅದಕ್ಕೆ ಮದ್ದು:

```
:set virtualedit=block
```

ಇದಿದ್ದರೆ ಬಾಕ್ಸ್ ಹಿಡಿದಿರುವಾಗ ಅಕ್ಷರ ಇಲ್ಲದ ಖಾಲಿ ಜಾಗದಲ್ಲೂ ಕರ್ಸರ್ ಓಡಾಡುತ್ತದೆ. ನನ್ನ `vimrc`ನಲ್ಲಿ ಇದು ಯಾವಾಗಲೂ ಇರುತ್ತದೆ.

## ಮುಂದೆ ಸೇರಿಸುವುದು

ಊರಿನ ಕೋಡ್ `KL-`. `gg0`, `Ctrl-V`, `4j`, ದೊಡ್ಡಕ್ಷರದ `I`, `KL-`, `Esc`.

ಟೈಪ್ ಮಾಡುವಾಗ ಮೊದಲ ಸಾಲಿನಲ್ಲಿ ಮಾತ್ರ ಅಕ್ಷರ ಕಾಣುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ನಿಲ್ಲಿಸುವುದು. ಟೈಪ್ ಮುಗಿಸಿ `Esc` ಒತ್ತಿದ ಮೇಲೆ ಉಳಿದ ಸಾಲುಗಳಿಗೂ ಬರುತ್ತದೆ. `Esc` ಬದಲು `Ctrl-C` ಒತ್ತುವ ರೂಢಿ ಇರುವವರಿಗೆ ಬರುವುದೇ ಇಲ್ಲ, ಮೊದಲ ಸಾಲು ಮಾತ್ರ ಬದಲಾಗಿರುತ್ತದೆ. ಮಧ್ಯೆ ಎಂಟರ್ ಒತ್ತಿದರೂ ಅಷ್ಟೇ ಗತಿ.

`I`ಗೂ `A`ಗೂ ಇನ್ನೊಂದು ವ್ಯತ್ಯಾಸ ಇದೆ. `A` ಗಿಡ್ಡ ಸಾಲಿಗೆ ಸ್ಪೇಸ್ ತುಂಬಿತು. `I` ತುಂಬುವುದಿಲ್ಲ. ಬಾಕ್ಸಿನವರೆಗೆ ಬಾರದ ಸಾಲನ್ನ ಮುಟ್ಟದೆ ಬಿಟ್ಟುಬಿಡುತ್ತದೆ. `OK` ಮುಂದೆ ಏನಾದರೂ ಹಾಕಬೇಕು, ಆದರೆ `OK` ಇಲ್ಲದ ಸಾಲಿಗೆ ಬೇಡ ಅಂದಾಗ ಇದು ಬಹಳ ಅನುಕೂಲ. ಎಲ್ಲ ಸಾಲಿಗೂ ಬೇಕೇಬೇಕು ಅಂದರೆ ಹಿಂದಿನ ಕಾಲಮ್ ಹಿಡಿದು `A` ಬಳಸಿ.

ಉಳಿದದ್ದು ಕ್ರಮಸಂಖ್ಯೆ. ಅದೇ ರೀತಿ `I` ಒತ್ತಿ ಎಲ್ಲ ಸಾಲಿನ ಮುಂದೆ `000` ಮತ್ತು ಒಂದು ಸ್ಪೇಸ್ ಹಾಕಿ. ಆಮೇಲೆ `gg0`, `Ctrl-V`, `4j`, `2l` ಒತ್ತಿ ಮೂರು ಸೊನ್ನೆಯ ಕಾಲಮ್ ಹಿಡಿಯಿರಿ. ಈಗ `g` ಒತ್ತಿ, ಆಮೇಲೆ `Ctrl-A`:

```
001 KL-0007  E  4.1  04.5  OK  R2
002 KL-0012  E  3.8  10.0  OK  R2
003 KL-0015  E  4.0  06.5      R2
004 KL-0021  E  4.3  03.0  OK  R2
005 KL-0030  E  3.9  08.5  OK  R2
```

`g` ಇಲ್ಲದೆ ಬರೀ `Ctrl-A` ಒತ್ತಿದರೆ ಎಲ್ಲವೂ `001` ಆಗುತ್ತವೆ. `g` ಇದ್ದರೆ ಒಂದೊಂದು ಸಾಲಿಗೆ ಒಂದೊಂದು ಹೆಚ್ಚುತ್ತದೆ. ಮೂರೂ ಸೊನ್ನೆ ಬಾಕ್ಸಿನ ಒಳಗಿರಬೇಕು. ಒಂದು ಸೊನ್ನೆ ಮಾತ್ರ ಹಿಡಿದಿದ್ದರೆ ಹತ್ತನೇ ಸಾಲಿನಲ್ಲಿ ಅಂಕಿ ಎರಡಾಗಿ, ಅಲ್ಲಿಂದ ಕೆಳಗೆ ಎಲ್ಲ ಒಂದು ಕಾಲಮ್ ಬಲಕ್ಕೆ ತಳ್ಳಿಕೊಳ್ಳುತ್ತದೆ. `007` ಆದಮೇಲೆ `010` ಬಂತು ಅಂದರೆ ವಿಮ್ ಅದನ್ನ ಎಂಟರ ಲೆಕ್ಕದ ಸಂಖ್ಯೆ ಅಂತ ಓದುತ್ತಿದೆ. `u` ಒತ್ತಿ ವಾಪಸ್ ಬಂದು, `:set nrformats-=octal` ಹೊಡೆದು ಮತ್ತೆ ಮಾಡಿ.

## ಬೇರೆ ಎಡಿಟರ್ ಬಳಸುವವರಿಗೆ

ಈಮ್ಯಾಕ್ಸ್‌ನಲ್ಲಿ `C-x SPC` ಒತ್ತಿ ಬಾಕ್ಸ್ ಹಿಡಿಯಬೇಕು. `C-x r t` ಬಾಕ್ಸಿನ ಜಾಗದಲ್ಲಿ ಹೊಸ ಪಠ್ಯ ಹಾಕುತ್ತದೆ, `C-x r k` ಎತ್ತುತ್ತದೆ, `C-x r y` ಇಳಿಸುತ್ತದೆ, `C-x r N` ನಂಬರು ಕೊಡುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ `Alt` ಒತ್ತಿಕೊಂಡು ಮೌಸ್ ಎಳೆದರೆ ಬಾಕ್ಸ್ ಬರುತ್ತದೆ. ಅಲ್ಲಿ `Alt+C` ಒತ್ತಿದರೆ ಕ್ರಮಸಂಖ್ಯೆ ಹಾಕಲು ಒಂದು ಕಿಟಕಿ ತೆರೆಯುತ್ತದೆ.

## ಪಟ್ಟಿಯಲ್ಲಿ ಕನ್ನಡ ಇದ್ದರೆ

ನಂಬರಿನ ಜೊತೆ ಸದಸ್ಯರ ಹೆಸರೂ ಕನ್ನಡದಲ್ಲಿ ಇದ್ದರೆ ಲೆಕ್ಕ ಬೇರೆ. ಬಾಕ್ಸ್ ಎಣಿಸುವುದು ಪರದೆಯ ಮನೆಗಳನ್ನ. ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ, ಅದು ಕಣ್ಣಿಗೂ ಹಾಗೇ ಕಾಣುತ್ತದೆ. ಕನ್ನಡದಲ್ಲಿ ವಿಮ್ ಗುಣಿತದ ಚಿಹ್ನೆಯನ್ನ ವ್ಯಂಜನದ ಜೊತೆ ಸೇರಿಸಿ ಒಂದು ಮನೆ ಕೊಡುತ್ತದೆ. ಆದರೆ ಒತ್ತಕ್ಷರವನ್ನ ಬೇರೆ ಮನೆ ಅಂತ ಎಣಿಸುತ್ತದೆ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡು ಅಕ್ಷರ. ವಿಮ್‌ಗೆ ಅದು ಲ, ಕ್, ಷ್, ಮಿ ಅಂತ ನಾಲ್ಕು ಮನೆ. ‘ರಮೇಶ’ ಮೂರೇ ಮನೆ. ಇದರ ಮೇಲೆ ಫಾಂಟ್ ಒಂದೊಂದು ಅಕ್ಷರವನ್ನ ಒಂದೊಂದು ಅಗಲಕ್ಕೆ ಬರೆಯುತ್ತದೆ.

ಹಾಗಾಗಿ ಕಣ್ಣಿಗೆ ಹೊಂದಿಸಿದ ಕನ್ನಡ ಪಟ್ಟಿ ವಿಮ್‌ನ ಲೆಕ್ಕದಲ್ಲಿ ಹೊಂದಿರುವುದಿಲ್ಲ. `:set ruler` ಇಟ್ಟುಕೊಂಡರೆ ಕೆಳಗೆ ಬಲಗಡೆ ಕಾಲಮ್ ಜಾಗದಲ್ಲಿ `4-2` ಅಂತ ಎರಡು ಅಂಕಿ ಕಾಣಬಹುದು. ಮೊದಲನೆಯದು ಬೈಟ್ ಲೆಕ್ಕ, ಎರಡನೆಯದು ಪರದೆಯ ಮನೆ. ಕನ್ನಡದ ಒಂದೊಂದು ಅಕ್ಷರ ಯೂಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುವುದರಿಂದ ಎರಡೂ ಬೇರೆಯಾಗುತ್ತವೆ. ಬಾಕ್ಸಿಗೆ ಬೇಕಾದ್ದು ಎರಡನೆಯದು. ಪ್ರತಿ ಸಾಲಿನಲ್ಲೂ ಹೆಸರಿನ ನಂತರದ ಕಾಲಮ್ ಶುರುವಾಗುವ ಕಡೆ ಆ ಎರಡನೇ ಅಂಕಿ ಒಂದೇ ಇದ್ದರೆ, ಕಣ್ಣಿಗೆ ಓರೆಯಾಗಿ ಕಂಡರೂ ಬಾಕ್ಸ್ ಸರಿಯಾಗಿ ಕೆಲಸ ಮಾಡುತ್ತದೆ.

ಹಾಗೆ ಒಂದೊಂದು ಸಾಲು ನೋಡುತ್ತಾ ಕೂರುವುದಕ್ಕಿಂತ ಹೆಸರಿನ ಕಾಲಮನ್ನ ಪಟ್ಟಿಯ ಕಟ್ಟಕಡೆಗೆ ಇಡುವುದು ಒಳ್ಳೆಯದು. ಅದರ ಬಲಗಡೆ ಏನೂ ಇರುವುದಿಲ್ಲ, ಎಡಗಡೆ ಇರುವುದೆಲ್ಲ ಅಂಕಿ ಮತ್ತು ಇಂಗ್ಲಿಷ್ ಕೋಡ್. ಫೈಲ್ ನಿಮ್ಮ ಕೈಗೆ ಬರುವಾಗಲೇ ಹೆಸರು ಮಧ್ಯದಲ್ಲಿದ್ದರೆ ಕಳಿಸಿದವರ ಹತ್ತಿರ ಕಾಮಾ ಹಾಕಿದ ಫೈಲ್ ಕೇಳಿ, ಕಾಲಮ್ ಅದಲು ಬದಲು ಮಾಡುವ ಕೆಲಸವನ್ನ ಸ್ಪ್ರೆಡ್‌ಶೀಟ್‌ನಲ್ಲಿ ಮುಗಿಸಿಕೊಳ್ಳಿ.